ಬೆನ್ನು ತಿರುಗಿಸಿ ಕಲಿತ ಇಂಗ್ಲಿಷ್

ಹುಣಸೂರಿನಲ್ಲಿ ಇವತ್ತಿಗೂ ಯಾವನಾದರೂ ಹುಡುಗ ನಾಲ್ಕು ಮಾತು ಇಂಗ್ಲಿಷನ್ನು ತಡವರಿಸದೆ ಆಡಿದರೆ, ‘ಎಲಾ, ಅಣ್ಣಯ್ಯನೋರ ಥರಾನೇ ಮಾತಾಡ್ತಾನಲ್ಲ’ ಅಂತಾರೆ. ಆ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿದುಹೋಗುತ್ತೆ. ಹೋಟೆಲಿನಲ್ಲಿ ಕೂತಿದ್ದರೆ ಲೋಟ ಅಲ್ಲೇ ಕುಕ್ಕಿ ಎದ್ದು ಬಂದದ್ದುಂಟು. ಒಂದು ಸಲ ಹಾಗಂದವನ ಅಂಗಿ ಹಿಡಿದು ಎಳೆದಾಡಿದ್ದೂ ಉಂಟು. ಅವನು ಪಾಪ ಏನು ಬಲ್ಲ. ಅಣ್ಣಯ್ಯ ನನ್ನ ಒಡಹುಟ್ಟಿದ ತಮ್ಮ. ಹೆಸರು ಮಾತ್ರ ಅಣ್ಣಯ್ಯ, ತಾತನ ಹೆಸರಿಟ್ಟರು. ಅವನ ಬಾಯಲ್ಲಿರುವ ಇಂಗ್ಲಿಷ್ ಫಾತಿಮುನ್ನೀಸಾ ಅನ್ನುವ ಹೆಂಗಸು ಕೊಟ್ಟದ್ದು. ಆಕೆಯ ಹೆಸರನ್ನು ಈ ಊರಲ್ಲಿ ಯಾರೂ ಎತ್ತುವುದಿಲ್ಲ, ಎತ್ತಿದರೂ ಮುಖ ಸಿಂಡರಿಸಿಕೊಂಡು ಎತ್ತುತ್ತಾರೆ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಗಾಡಿ ಹೊಡೆಯಲು ಹೋದವನು. ಬರೆಯುವುದು ನನ್ನ ಕಸುಬಲ್ಲ. ಬರೆಯಬಲ್ಲವನು ಬರೆಯಲಿಲ್ಲ, ಅದಕ್ಕೆ ನಾನು ಕೂತಿದ್ದೇನೆ.

ನಾವೆಲ್ಲ ಆಕೆಯನ್ನು ಬೂಬಮ್ಮ ಅನ್ನುತ್ತಿದ್ದೆವು. ಹುಣಸೂರಿನಲ್ಲಿ ಕುದುರೆಗೆ ಜೀನು, ಎತ್ತಿಗೆ ಗೆಜ್ಜೆಪಟ್ಟಿ ಹೊಲಿಯುತ್ತಿದ್ದ ಅಬ್ದುಲ್ ಅಜೀಜ್ ಸಾಬರ ಅಕ್ಕ. ಮದುವೆಯಾಗಿ ಕೊಡಗಿಗೆ ಹೋದವರು. ಗಂಡ ಗಯಾಸುದ್ದೀನ್ ಒಬ್ಬ ಬಿಳಿ ದೊರೆಯ ಕಾಫಿ ತೋಟದ ಬಂಗಲೆಯಲ್ಲಿ ಬಟ್ಲರ್. ಈಕೆ ಅದೇ ಬಂಗಲೆಯಲ್ಲಿ ದೊರೆಯ ಮಕ್ಕಳಿಗೆ ಆಯಾ. ಆ ಮಕ್ಕಳು ಇಂಗ್ಲಿಷ್ ಬಿಟ್ಟು ಬೇರೆ ಮಾತಾಡವು. ಹಾಲು ಕುಡಿಸುವಾಗ, ಸ್ನಾನ ಮಾಡಿಸುವಾಗ, ಗದರುವಾಗ, ಕಥೆ ಹೇಳುವಾಗ ಎಲ್ಲ ಅದರಲ್ಲೇ. ಒಂದಕ್ಷರ ಓದಲು ಬರದ ಹೆಂಗಸು ದೊರೆಸಾನಿಯ ಜೊತೆ ಜಗಳವಾಡುವಷ್ಟು ಇಂಗ್ಲಿಷ್ ಕಲಿತರು. ಅಲ್ಲಿ ಗೋಷಾ ಗೀಷಾ ಏನೂ ಇರಲಿಲ್ಲ. ಗಂಡನೂ ಅದರ ಬಗ್ಗೆ ತಲೆಕೆಡಿಸಿಕೊಂಡವನಲ್ಲ.

ಗಯಾಸುದ್ದೀನ್ ಚಳಿಜ್ವರದಲ್ಲಿ ಸತ್ತ. ಅದೇ ಕಾಲಕ್ಕೆ ದೊರೆಯೂ ತೋಟ ಮಾರಿ ಅವನ ದೇಶಕ್ಕೆ ಹೊರಟ. ಆಗ ನನ್ನ ಗಾಡಿಗಳು ಕೊಡಗಿನ ತೋಟಗಳಿಂದ ಹುಣಸೂರಿನ ಕಾಫಿ ಕಾರ್ಖಾನೆಗೆ ಮೂಟೆ ಹೊರುತ್ತಿದ್ದವು. ಅಜೀಜ್ ಸಾಬರು ಹೇಳಿ ಕಳಿಸಿದ್ದರಿಂದ ಅವರ ಅಕ್ಕನನ್ನು ನಾನೇ ಕರೆತಂದೆ. ಕಾಫಿ ಮೂಟೆಯ ಮೇಲೆ ಒಂದು ತಗಡಿನ ಟ್ರಂಕು ಇಟ್ಟುಕೊಂಡು, ಮುಖ ಬಿಸಿಲಿಗೊಡ್ಡಿ, ಕೊಪ್ಪ ದಾಟಿ ಪಿರಿಯಾಪಟ್ಟಣ ದಾಟಿ ಬಂದರು. ದಾರಿಯುದ್ದಕ್ಕೂ ಮಾತೇ ಮಾತು, ಕೆಂಪಯ್ಯ ಅನ್ನುವ ನನ್ನ ಹೆಸರನ್ನೂ ಕೆಂಪಣ್ಣ ಅಂತ ಮಾಡಿಕೊಂಡರು. ನನ್ನ ಎತ್ತಿಗೂ ಬೇಸರವಾಗುವಷ್ಟು ಮಾತು. ಹುಣಸೂರು ಕಾಣುವ ದಿಣ್ಣೆಯ ಮೇಲೆ ಗಾಡಿ ನಿಲ್ಲಿಸಿ ಅಂದರು. ಟ್ರಂಕಿನಿಂದ ಕಪ್ಪು ಬುರ್ಖಾ ತೆಗೆದು ಹಾಕಿಕೊಂಡರು. ‘ಸಾಕು ಕೆಂಪಣ್ಣ, ಇನ್ನು ಗಾಡಿ ಬಿಡು’ ಅಂದರು. ಆಮೇಲೆ ಊರು ಮುಟ್ಟುವ ತನಕ ಒಂದು ಮಾತಾಡಲಿಲ್ಲ.

ಇನ್ನು ನನ್ನ ತಮ್ಮನ ವಿಷಯ. ಅಪ್ಪ ಸತ್ತ ಮೇಲೆ ಅವನನ್ನು ಓದಿಸಿದವನು ನಾನು. ಕನ್ನಡದಲ್ಲೇ ಓದಿ ಲೋಯರ್ ಸೆಕೆಂಡರಿ ಪಾಸು ಮಾಡಿದ, ಮೇಲೆ ಎರಡು ವರ್ಷ ಇಂಗ್ಲಿಷೂ ಓದಿದ. ಅಕ್ಷರ ಮುತ್ತಿನಂತೆ ಬರೆಯುವನು. ಇಂಗ್ಲಿಷ್ ಪಾಠ ಬಾಯಿಪಾಠ. ಆದರೆ ಯಾರಾದರೂ ಇಂಗ್ಲಿಷಿನಲ್ಲಿ ‘ನಿನ್ನ ಹೆಸರೇನು’ ಅಂದರೆ ಕಂಬದ ಹಾಗೆ ನಿಲ್ಲುವನು. ಅವನ ತಪ್ಪೂ ಅಲ್ಲ. ಸ್ಕೂಲಿನಲ್ಲಿ ಮೇಷ್ಟ್ರು ಇಂಗ್ಲಿಷ್ ಪಾಠವನ್ನೂ ಕನ್ನಡದಲ್ಲೇ ಹೇಳುತ್ತಿದ್ದರು. ಹುಡುಗ ಬಾಯಿ ಬಿಟ್ಟು ಒಂದು ತಪ್ಪಾಡಿದರೆ ಗೆಣ್ಣಿಗೆ ಬೀಳುತ್ತಿತ್ತು ರೂಲುದೊಣ್ಣೆ. ಹಾಗಾಗಿ ಜಾಣ ಹುಡುಗರೆಲ್ಲ ಬಾಯಿ ಮುಚ್ಚಿಕೊಂಡೇ ಜಾಣರಾದರು.

ಅಂಥವರಿಗೆ ಆಗ ಇದ್ದ ದಾರಿ ಎರಡೇ. ಯಾವುದಾದರೂ ಕಾಡುಹಳ್ಳಿಯ ಸ್ಕೂಲಿಗೆ ಮೇಷ್ಟ್ರಾಗುವುದು, ಇಲ್ಲ ಶ್ಯಾನುಭೋಗರ ಮನೆ ಜಗುಲಿಯಲ್ಲಿ ಕೂತು ಅವರು ಹೇಳಿದ್ದು ಬರೆಯುವುದು. ಕಾಫಿ ಕಾರ್ಖಾನೆಯಲ್ಲಿ ರೈಟರ್ ಕೆಲಸ ಇತ್ತು. ಅದಕ್ಕೆ ಬರವಣಿಗೆ ಒಂದೇ ಸಾಲದು. ಕಾರ್ಖಾನೆಯ ಬಿಳಿ ದೊರೆಯ ಪಕ್ಕ ನಿಂತು ಇದು ಯಾವ ತೋಟದ ಮೂಟೆ, ಯಾಕೆ ತೇವ, ಗಾಡಿ ಯಾಕೆ ತಡ, ಆಳು ಯಾಕೆ ಕಡಿಮೆ ಅಂತ ಬಾಯಲ್ಲಿ ಹೇಳಬೇಕು. ಅಲ್ಲಿ ಹೆಡ್ ರೈಟರ್ ಶಿವನಂಜಪ್ಪ ಅಂತ ಇದ್ದ. ಅವನ ಇಂಗ್ಲಿಷ್ ಅಂದರೆ ಎಸ್ಸಾರ್, ನೋಸಾರ್. ದೊರೆ ಏನಾದರೂ ಉದ್ದವಾಗಿ ಕೇಳಿದರೆ ತಲೆ ಆಡಿಸಿ, ಗಾಡಿಯವರ ಕಡೆ ಬೆರಳು ತೋರಿಸುವನು. ಮಳೆಯಲ್ಲಿ ಮೂಟೆ ನೆಂದರೆ ಗಾಡಿಯವರ ತಪ್ಪು, ಚೀಲ ಹರಿದರೆ ಗಾಡಿಯವರ ತಪ್ಪು. ದೊರೆ ಬಯ್ಯುವನು, ನಾವು ತಲೆ ತಗ್ಗಿಸುವೆವು. ನಮ್ಮ ಬಾಯಿ ಹುಣಸೂರಿಗೆಲ್ಲ ಕೇಳುತ್ತಿತ್ತು, ದೊರೆಯ ಮೇಜಿನ ತನಕ ಮುಟ್ಟುತ್ತಿರಲಿಲ್ಲ. ನನ್ನ ತಮ್ಮ ಆ ಮೇಜಿನ ಪಕ್ಕ ನಿಂತರೆ ಸಾಕು ಅಂತ ನನಗೆ ಹುಚ್ಚು ಹಿಡಿದಿತ್ತು.

ಒಂದು ದಿನ ಗೆಜ್ಜೆಪಟ್ಟಿ ರಿಪೇರಿಗೆ ಅಜೀಜ್ ಸಾಬರ ಮನೆಗೆ ಹೋದೆ. ಅಣ್ಣಯ್ಯನೂ ಜೊತೆಗಿದ್ದ. ಸಾಬರು ಹೊಲಿಯುವ ತನಕ ಇವನು ಜಗುಲಿಯಲ್ಲಿ ಕೂತು ಇಂಗ್ಲಿಷ್ ಪುಸ್ತಕ ಗಟ್ಟಿಯಾಗಿ ಓದುತ್ತಿದ್ದ. ಒಳಬಾಗಿಲಿಗೆ ಗೋಣಿಬಟ್ಟೆಯ ಪರದೆ. ಅದರ ಹಿಂದಿನಿಂದ ಒಂದು ದನಿ ಇಂಗ್ಲಿಷಿನಲ್ಲಿ ಏನೋ ಕೇಳಿತು. ಅಣ್ಣಯ್ಯ ಓದು ನಿಲ್ಲಿಸಿ ಬೆಪ್ಪಾದ. ದನಿ ಮತ್ತೆ ಕೇಳಿತು. ಇವನು ಪುಸ್ತಕದ ಹಾಳೆ ತಿರುವಿ ಉತ್ತರ ಹುಡುಕತೊಡಗಿದ. ಆಗ ಪರದೆ ಕನ್ನಡಕ್ಕೆ ತಿರುಗಿತು.

‘ತಮ್ಮಾ, ನೀನು ಓದ್ತಾ ಇರೋ ಹುಡುಗನಿಗೆ ಎಷ್ಟು ಜನ ಅಕ್ಕತಂಗೇರು ಅಂತ ಕೇಳ್ದೆ. ಅದೇನು ಕಷ್ಟ?’

ಅಜೀಜ್ ಸಾಬರು ದಬ್ಬಳ ಕೆಳಗಿಟ್ಟು ‘ಆಪಾ’ ಅಂದರು, ಅಕ್ಕಾ ಸುಮ್ಮನಿರು ಅನ್ನುವ ಹಾಗೆ. ಆಪಾ ಸುಮ್ಮನಿರಲಿಲ್ಲ. ಈ ನಾಲ್ಕು ಗೋಡೆಯೊಳಗೆ ನನ್ನ ನಾಲಿಗೆಗೆ ತುಕ್ಕು ಹಿಡೀತಾ ಇದೆ, ಈ ಹುಡುಗ ದಿನಾ ಬಂದು ಕೂತರೆ ಇಬ್ಬರಿಗೂ ಒಳ್ಳೇದು ಅಂದರು. ಸಾಬರು ಒಪ್ಪಲು ಬಹಳ ದಿನ ಹಿಡಿಯಿತು. ಅವರು ಕೆಟ್ಟವರಲ್ಲ. ಮದುವೆಗೆ ಬಂದ ಮಗಳು ಜೀನತುನ್ನೀಸಾ ಮನೆಯಲ್ಲಿದ್ದಳು, ಮರ್ಯಾದೆಯ ಚಿಂತೆ. ಕೊನೆಗೆ ಷರತ್ತು ಹಾಕಿ ಒಪ್ಪಿದರು. ನಾನು ಜೊತೆಗೆ ಕೂರಬೇಕು. ಪರದೆ ಬಿಟ್ಟಿರಬೇಕು. ಹುಡುಗ ಪರದೆಗೆ ಬೆನ್ನು ಹಾಕಿ, ಬೀದಿ ಕಡೆ ಮುಖ ಮಾಡಿ ಕೂತು ಮಾತಾಡಬೇಕು.

ಹಾಗೇ ನಡೆಯಿತು. ನಾನು ಎತ್ತಿಗೆ ಮೇವು ಹಾಕಿ ಹೋಗಿ ಕೂರುತ್ತಿದ್ದೆ. ಬೂಬಮ್ಮ ಪುಸ್ತಕ ಮುಚ್ಚಿಡು ಅಂದರು. ಮೊದಲು ಬಹಳ ದಿನ ಇವನು ಬರೀ ಕೇಳುವುದು, ಕೇಳಿದ್ದನ್ನು ಅದೇ ರಾಗದಲ್ಲಿ ತಿರುಗಿ ಹೇಳುವುದು. ಆಮೇಲೆ ಬೀದಿಯಲ್ಲಿ ಕಂಡದ್ದನ್ನು ಹೇಳು ಅಂದರು. ಎಮ್ಮೆ ಹೋಯಿತು, ಎಮ್ಮೆಯ ಹಿಂದೆ ಹುಡುಗಿ ಹೋದಳು, ಹುಡುಗಿ ಸಗಣಿ ಎತ್ತಿದಳು. ತಪ್ಪಾದರೆ ಬಯ್ಯುತ್ತಿರಲಿಲ್ಲ, ಸರಿಯಾದದ್ದನ್ನು ತಾವೇ ಒಂದು ಸಲ ಆಡಿ ಮುಂದಕ್ಕೆ ಹೋಗುತ್ತಿದ್ದರು. ಮನಸ್ಸಿನಲ್ಲಿ ಕನ್ನಡ ಕಟ್ಟಿ ಅದನ್ನು ಇಂಗ್ಲಿಷಿಗೆ ತಿರುಗಿಸಲು ಹೋಗಬೇಡ, ಅಷ್ಟು ಹೊತ್ತು ದೊರೆ ಕಾಯೋದಿಲ್ಲ, ಚಿಕ್ಕ ಮಾತು ಆಡು, ಆಡಿದ್ದನ್ನು ಮುಗಿಸು ಅಂದರು. ಎಲ್ಲಕ್ಕಿಂತ ಹೆಚ್ಚಾಗಿ ಒಂದು ಮಾತು ತಲೆಗೆ ಹೊಡೆದು ಹೊಡೆದು ಹೇಳಿದರು. ತಿಳಿಯದೇ ಇದ್ದರೆ ತಲೆ ಆಡಿಸಬೇಡ. ಇನ್ನೊಂದು ಸಲ ಹೇಳಿ ಸರ್ ಅಂತ ಕೇಳು. ಕೇಳಿದವನು ದಡ್ಡ ಆಗಲ್ಲ, ತಲೆ ಆಡಿಸಿದವನು ಆಗ್ತಾನೆ.

ಮಳೆಗಾಲ ಕಳೆಯುವ ಹೊತ್ತಿಗೆ ನನ್ನ ತಮ್ಮ ಮಾತಾಡುತ್ತಿದ್ದ. ಕಣ್ಣು ಮುಚ್ಚಿ ಕೇಳಿದರೆ ಯಾವನೋ ಚಿಕ್ಕ ದೊರೆ ಜಗುಲಿಯಲ್ಲಿ ಕೂತಿದ್ದಾನೆ ಅನ್ನಿಸುತ್ತಿತ್ತು. ಬೂಬಮ್ಮನಿಗೆ ಏನು ಕೊಡಬೇಕು ಅಂತ ನಾನು ಕೇಳಿದೆ. ಏನೂ ಬೇಡ ಅಂದರು. ಒತ್ತಾಯ ಮಾಡಿದ್ದಕ್ಕೆ ಪರದೆಯ ಹಿಂದಿನಿಂದ ಅಣ್ಣಯ್ಯನಿಗೆ ಹೇಳಿದರು.

‘ನೀನು ದೊಡ್ಡೋನಾದ ಮೇಲೆ, ನಾನು ಎದುರಿಗಿದ್ದಾಗ, ದೊರೆಗೆ ಇಂಗ್ಲಿಷ್‌ನಲ್ಲೇ ಹೇಳ್ಬೇಕು, ನಂಗೆ ಮಾತು ಕಲಿಸ್ದೋರು ಇವ್ರು ಅಂತ. ಅದನ್ನ ನನ್ನ ಕಿವಿಯಾರೆ ಕೇಳ್ಬೇಕು. ಅಷ್ಟೇ ನಂಗೆ.’

‘ನಮ್ಮವ್ವನಾಣೆ ಹೇಳ್ತೀನಿ ಬೂಬಮ್ಮ,’ ಅಂದ ಅಣ್ಣಯ್ಯ. ಬೀದಿ ಕಡೆ ಮುಖ ಮಾಡಿಕೊಂಡೇ ಅಂದ.

ಸುಗ್ಗಿಗೆ ಮೊದಲು ಕಾರ್ಖಾನೆಯಲ್ಲಿ ರೈಟರ್ ಬೇಕು ಅಂತ ಸುದ್ದಿ ಬಂತು. ಒಗೆದ ಕೋಟು ಹಾಕಿಸಿ ಕರೆದುಕೊಂಡು ಹೋದೆ. ದೊರೆ ಕಾಫಿ ಒಣಗಿಸುವ ಕಣದ ಪಕ್ಕ ವರಾಂಡದಲ್ಲಿ ಕೂತಿದ್ದ. ಶಿವನಂಜಪ್ಪ ಪಕ್ಕದಲ್ಲಿ. ನಾವು ಗಾಡಿಯವರು ಕೆಳಗೆ ನಿಂತು ನೋಡುತ್ತಿದ್ದೆವು. ದೊರೆ ಏನೋ ಕೇಳಿದ. ನನ್ನ ತಮ್ಮ ಪಟ್ಟಂತ ತಿರುಗಿ, ದೊರೆಗೆ ಬೆನ್ನು ಹಾಕಿ, ಕಣದ ಕಡೆ ನೋಡುತ್ತ ಉತ್ತರ ಕೊಟ್ಟ.

ಸುಂದರವಾದ ಇಂಗ್ಲಿಷ್. ಬೆನ್ನ ಹಿಂದೆ ದೊರೆ.

ನಾನು ಕೆಳಗಿನಿಂದ ಕೈಬೀಸಿದೆ, ತಿರುಗೋ ಅಂತ. ಅವನು ತಿರುಗಿದ. ದೊರೆಯ ಮುಖ ನೋಡಿದ ಕೂಡಲೇ ಬಾಯಿ ಕಟ್ಟಿಹೋಯಿತು. ಮತ್ತೆ ಮುಖ ಪಕ್ಕಕ್ಕೆ ಹೊರಳಿಸಿದರೆ ಮಾತು ಬಂತು. ಅಷ್ಟೂ ತಿಂಗಳು ಅವನ ನಾಲಿಗೆ ಹಾಗೇ ಪಳಗಿತ್ತು. ಎದುರಿಗೆ ಮುಖ ಇದ್ದರೆ ಅದು ಏಳುತ್ತಿರಲಿಲ್ಲ. ದೊರೆ ಮೊದಲು ನಕ್ಕ, ಆಮೇಲೆ ರೇಗಿದ. ಮುಖ ಕೊಟ್ಟು ಮಾತಾಡದವನು ಏನೋ ಮುಚ್ಚಿಡುವವನು ಅಂದನಂತೆ. ಅದನ್ನು ಶಿವನಂಜಪ್ಪ ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲಿ ಹೇಳಿದ. ಹೇಳಿ, ‘ಏನ್ ಕೆಂಪಯ್ಯ, ನಿನ್ನ ತಮ್ಮನ್ನ ಗಾಡಿಗೆ ಹಿಂದುಮುಂದಾಗಿ ಕಟ್ಟಿ ಪಳಗಿಸಿದ್ದಾ?’ ಅಂದ. ಗಾಡಿಯವರೆಲ್ಲ ನಕ್ಕರು. ಅವತ್ತಿನಿಂದ ಹುಣಸೂರಿನ ಬೀದಿಯಲ್ಲಿ ಹುಡುಗರು ಅಣ್ಣಯ್ಯನನ್ನು ಕಂಡರೆ ಬೆನ್ನು ತಿರುಗಿಸಿ ‘ಗುಡ್ ಮಾರ್ನಿಂಗ್ ಸಾರ್’ ಅನ್ನುತ್ತಿದ್ದರು. ಅವನು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟ. ಅವ್ವ ನನ್ನನ್ನು ಬೈದಳು, ಮೇಷ್ಟ್ರ ಕೆಲಸ ಸಿಗೋದನ್ನೂ ತಪ್ಪಿಸಿದೆಯಲ್ಲೋ ಅಂತ.

ಬೂಬಮ್ಮನಿಗೆ ಹೋಗಿ ಹೇಳಿದೆ. ಪರದೆಯ ಹಿಂದಿನಿಂದ ಎಲ್ಲ ಕೇಳಿಸಿಕೊಂಡರು. ಆಮೇಲೆ, ಸಂತೆಯ ದಿನ ಅವನನ್ನು ಕರಕೊಂಡು ಬಾ ಅಂದರು.

ಸಂತೆಯ ದಿನ ಅಜೀಜ್ ಸಾಬರು ಪಿರಿಯಾಪಟ್ಟಣಕ್ಕೆ ಜೀನು ಪಟ್ಟಿ ಮಾರಲು ಹೋಗುತ್ತಿದ್ದರು. ಮನೆಯಲ್ಲಿ ಅವರ ಹೆಂಡತಿ ಅಜ್ಮತುನ್ನೀಸಾ ಮಗಳ ಜೊತೆ ಒಳಗೆ. ಅಣ್ಣಯ್ಯ ಎಂದಿನಂತೆ ಬೆನ್ನು ಹಾಕಿ ಕೂತ.

‘ತಿರುಗು,’ ಅಂದರು ಬೂಬಮ್ಮ.

‘ಬ್ಯಾಡಿ ಬೂಬಮ್ಮ. ಸಾಬ್ರು...’

‘ಸಾಬ್ರು ನಿಂಗೆ ಕೆಲಸ ಕೊಡಲ್ಲ ತಮ್ಮಾ. ತಿರುಗು.’

ತಿರುಗಿದ. ಅವರು ಪರದೆಯನ್ನು ಸುತ್ತಿ ಮೇಲಕ್ಕೆ ಹಗ್ಗ ಕಟ್ಟಿದರು. ನಾನು ಆ ಮುಖ ನೋಡಿ ವರ್ಷಗಳಾಗಿತ್ತು. ಗಾಡಿಯ ಮೇಲೆ ಬಿಸಿಲಿಗೆ ಮಿರುಗುತ್ತಿದ್ದ ಮುಖ ಒಳಮನೆಯಲ್ಲಿ ಬೆಳೆದ ಮೊಳಕೆಯ ಹಾಗೆ ಬಿಳಿಚಿಕೊಂಡಿತ್ತು. ಒಳಗಿನಿಂದ ಅಜ್ಮತುನ್ನೀಸಾ ಹೆದರಿ ಏನೋ ಅಂದರು, ಇವರು ಕೈಸನ್ನೆಯಲ್ಲೇ ಸುಮ್ಮನಿರಿಸಿದರು.

ಅವತ್ತು ಅಣ್ಣಯ್ಯನ ಬಾಯಿಂದ ಒಂದು ಶಬ್ದ ಬರಲಿಲ್ಲ. ಮುಂದಿನ ಸಂತೆಗೆ ಎರಡು ಮಾತು ಬಂತು. ದಿಟ್ಟಿಸಿ ಹೆದರಿಸಬೇಡ, ಕಣ್ಣು ಕೆಳಗಿಳಿಸಲೂ ಬೇಡ, ದೊರೆ ಮಾತು ಮುಗಿಸೋ ತನಕ ಕಾದು ಆಮೇಲೆ ಬಾಯಿ ತೆಗಿ ಅಂದರು. ಕೈ ಹಿಸುಕಿಕೊಂಡರೆ ಕೈಗೆ ಹೊಡೆದರು. ದೊರೆಯ ಹಾಗೆ ರೇಗಿ ನೋಡಿದರು, ನಕ್ಕು ನೋಡಿದರು, ಬೇಕೆಂದೇ ತಪ್ಪು ಆರೋಪ ಹೊರಿಸಿ, ಅಲ್ಲ ಸರ್, ಹಾಗಲ್ಲ ಸರ್ ಅಂತ ಮರ್ಯಾದೆಯಿಂದ ಎದುರಾಡುವುದನ್ನು ಕಲಿಸಿದರು. ಆ ಗಳಿಗೆಯಲ್ಲಿ ಅವರ ಮುಖ ಕೊಡಗಿನ ದಾರಿಯಲ್ಲಿ ಇದ್ದ ಹಾಗೇ ಆಗುತ್ತಿತ್ತು.

ಮುಂದಿನ ಸುಗ್ಗಿಗೆ ಮತ್ತೆ ಜಾಗ ಖಾಲಿಯಾಯಿತು. ಅಣ್ಣಯ್ಯ ಹೋಗಿ ನೆಟ್ಟಗೆ ನಿಂತ, ದೊರೆಯ ಮುಖ ನೋಡಿ ಮಾತಾಡಿದ. ದೊರೆ ಗುರುತು ಹಿಡಿದು, ಹೋದ ವರ್ಷ ಬೆನ್ನು ತೋರಿಸಿದ್ದು ಯಾಕೆ ಅಂತ ಕೇಳಿದನಂತೆ. ಹೆದರಿದ್ದೆ ಸರ್, ಈಗ ಹೆದರಿಕೆ ಇಲ್ಲ ಅಂದನಂತೆ ಇವನು. ಕೆಲಸ ಆಯಿತು.

ಆ ಸುಗ್ಗಿಯಲ್ಲೇ ಒಂದು ದಿನ ನಮ್ಮ ಗಾಡಿಯ ಮೂಟೆಗಳು ನೆಂದು ಬಂದವು. ಶಿವನಂಜಪ್ಪ ಎಂದಿನಂತೆ ಬೆರಳು ತೋರಿಸಿದ. ಅಣ್ಣಯ್ಯ ಮುಂದೆ ಬಂದು, ತೋಟದವರು ಕೊಟ್ಟ ಟಾರ್ಪಾಲೇ ಹರಿದಿತ್ತು, ಬೇಕಾದರೆ ಬಂದು ನೋಡಿ ಅಂತ ದೊರೆಗೆ ಬಿಡಿಸಿ ಹೇಳಿದ. ದೊರೆ ಕಣಕ್ಕಿಳಿದು ಟಾರ್ಪಾಲಿನ ತೂತಿಗೆ ಬೆರಳು ಹಾಕಿ ನೋಡಿದ. ಗಾಡಿಯವರ ಮಾತು ಆ ಮೇಜಿಗೆ ಮುಟ್ಟಿದ್ದು ಅವತ್ತೇ ಮೊದಲು. ಅವತ್ತು ನಾನು ಅಣ್ಣಯ್ಯನನ್ನು ಹೆಗಲ ಮೇಲೆ ಹೊರಲೂ ತಯಾರಿದ್ದೆ. ಬರಬರುತ್ತಾ ದೊರೆ ಎಲ್ಲಕ್ಕೂ ಅವನನ್ನೇ ಕರೆಯತೊಡಗಿದ. ಕೊಡಗಿನ ತೋಟದ ದೊರೆಗಳು ಬಂದರೆ ಅವನೇ ಮಾತಾಡಬೇಕು, ಮೈಸೂರಿನ ಕಂಪನಿಯವರು ಬಂದರೂ ಅವನೇ. ನಮ್ಮ ಕಂಪನಿಗೆ ಬರ್ತೀಯಾ ಅಂತ ಇಬ್ಬರು ಕೇಳಿದರು. ಜಗುಲಿಯಲ್ಲಿ ಕೂತು ಬರೆಯಬೇಕಾಗಿದ್ದ ಹುಡುಗನಿಗೆ ಯಾವ ದಾರಿ ಹಿಡಿಯಲಿ ಅಂತ ಯೋಚನೆ ಮಾಡುವ ಭಾಗ್ಯ ಬಂತು. ಕಲಾಯಿ ಹಾಕುವವರ ಮಗ ಬಷೀರ್, ಹಿಂದೂಸ್ತಾನಿ ಅಂದರೆ ಉರ್ದು ಸ್ಕೂಲಿನಲ್ಲಿ ಓದಿದವನು, ಅಣ್ಣಯ್ಯನನ್ನು ನೋಡಿ ತಾನೂ ಬೂಬಮ್ಮನ ಹತ್ತಿರ ಹೋದ. ಅವನು ಮೈಸೂರಿನ ರೈಲು ಸ್ಟೇಷನ್ನಿನಲ್ಲಿ ಕೆಲಸ ಹಿಡಿದ.

ಇವನು ಮೇಲೇರಿದ ಹಾಗೆಲ್ಲ ಶಿವನಂಜಪ್ಪ ಕೆಳಗಿಳಿದ. ಅವನು ಸುಮ್ಮನೆ ಕೂರುವ ಜಾತಿಯಲ್ಲ. ಬೆನ್ನು ಹಾಕಿ ಮಾತಾಡುತ್ತಿದ್ದವನು ಒಂದು ವರ್ಷದಲ್ಲಿ ಮುಖ ಕೊಟ್ಟು ಮಾತಾಡಿದ್ದು ಹೇಗೆ ಅಂತ ಹುಡುಕಿದ. ಸಣ್ಣ ಊರು, ಜಗುಲಿಯ ಪರದೆ ಮೇಲೆದ್ದರೆ ಬೀದಿಗೆ ಕಾಣದೆ ಇರುತ್ತಾ? ಸಾಬರು ಸಂತೆಗೆ ಹೋದಾಗ ಅವರ ಮನೆಯಲ್ಲಿ ಪರದೆ ಎತ್ತುತ್ತಿದ್ದರು, ಒಳಗೆ ಒಬ್ಬ ಹುಡುಗ ಕೂತಿರುತ್ತಿದ್ದ ಅಂತ ಹೋಟೆಲಿನಲ್ಲಿ ಅಂದ. ಅಷ್ಟೇ ಅಂದ, ಉಳಿದದ್ದನ್ನು ಊರೇ ಸೇರಿಸಿಕೊಂಡಿತು. ನಾನೂ ಅಲ್ಲೇ ಕೂತಿರುತ್ತಿದ್ದೆ, ಅಜ್ಮತುನ್ನೀಸಾ ಒಳಗಿರುತ್ತಿದ್ದರು ಅನ್ನುವುದು ಯಾರಿಗೂ ಬೇಕಾಗಲಿಲ್ಲ.

ಮಾತು ಸಾಬರ ಮಗಳು ಜೀನತುನ್ನೀಸಾಗೆ ನಿಶ್ಚಯವಾಗಿದ್ದ ಗಂಡಿನ ಮನೆಯವರಿಗೂ ಮುಟ್ಟಿತು. ಅವರು ನಿಕಾಹ್ ಬೇಡ ಅಂದರು. ನಾನು ಸಾಬರಿಗೆ ವಿವರ ಹೇಳಲು ಹೋದೆ. ಅವರು ಕೂಗಾಡಲಿಲ್ಲ. ಚರ್ಮ ಕೊಯ್ಯುತ್ತಲೇ ಅಂದರು.

‘ನೀನು ಹೇಳೋದು ನಿಜ ಕೆಂಪಯ್ಯ. ನಿಜ ತಗೊಂಡೋಗಿ ಯಾರ ಮನೇಗೆ ಕೊಡ್ಲಿ? ನಿಮ್ಮ ಹುಡುಗ ಬಂದು ನಾಲ್ಕು ಜನದ ಮುಂದೆ ಹೇಳ್ಲಿ. ಹಿಂಗೆ ಕೂತಿದ್ದೆ, ಇದಕ್ಕೆ ಕೂತಿದ್ದೆ, ಅವರು ನಂಗೆ ತಾಯಿ ಸಮಾನ ಅನ್ಲಿ. ಅವನ ಮಾತಿಗೆ ಈಗ ಬೆಲೆ ಇದೆ.’

ಅಣ್ಣಯ್ಯನಿಗೆ ಬಂದು ಹೇಳಿದೆ. ನಾಳೆ ಹೋಗ್ತೀನಿ ಅಂದ. ಆ ನಾಳೆ ಬರಲಿಲ್ಲ. ಎಡತೊರೆಯಲ್ಲಿ, ಈಗ ಕೃಷ್ಣರಾಜನಗರ ಅಂತಾರಲ್ಲ, ಅಲ್ಲಿ ಅನುಕೂಲಸ್ಥರ ಮನೆಯ ಹೆಣ್ಣು ಅವನಿಗೆ ನಿಶ್ಚಯವಾಗಿತ್ತು. ಗದ್ದೆ ತೋಟ ಇದ್ದವರು. ಅವರ ಕಿವಿಗೆ ಬಿದ್ದರೆ ಅಂತ ಭಯ.

ಸಾಬರು ಅಕ್ಕನಿಗೆ ಹಿತ್ತಲಿನ ಚರ್ಮದ ಕೊಟ್ಟಿಗೆಯಲ್ಲಿ ಜಾಗ ಕೊಟ್ಟರು. ಒಲೆ ಬೇರೆ, ಮಾತಿಲ್ಲ. ಹಸಿ ಚರ್ಮದ ವಾಸನೆಯಲ್ಲಿ ನಾನಾದರೆ ಒಂದು ಹಗಲು ಇರಲಾರೆ. ಹೊಟ್ಟೆಪಾಡಿಗೆ ಬೂಬಮ್ಮ ಕಾಫಿ ಕಾರ್ಖಾನೆಗೆ ಕಾಳು ಆರಿಸಲು ಬಂದರು. ಅಲ್ಲಿ ಸಾಲು ಸಾಲಾಗಿ ಹೆಂಗಸರು ಕೂತು ಒಡಕು ಕಾಳು, ಕಪ್ಪು ಕಾಳು ಬೇರೆ ಮಾಡುತ್ತಾರೆ. ಬುರ್ಖಾ ಹಾಕಿಕೊಂಡರೆ ಕಾಳು ಕಾಣದು. ಒಬ್ಬ ಹುಡುಗನಿಗೆ ಮುಖ ತೋರಿಸಿದ್ದಕ್ಕೆ ಹೊರಗೆ ಹಾಕಿಸಿಕೊಂಡವರು ಹೊಟ್ಟೆಗಾಗಿ ಊರಿಗೆಲ್ಲ ಮುಖ ತೋರಿಸಿಕೊಂಡು ಕೂರಬೇಕಾಯಿತು. ಪಕ್ಕದ ಹೆಂಗಸರು ಅವರಿಂದ ಮೊಣಕೈ ದೂರ ಸರಿದು ಕೂರುತ್ತಿದ್ದರು. ಅಣ್ಣಯ್ಯ ದಿನಾ ಆ ಸಾಲುಗಳ ನಡುವೆ ಓಡಾಡುತ್ತಿದ್ದ. ಅವರ ಹತ್ತಿರ ಬಂದಾಗ ಮುಖ ಆ ಕಡೆ ತಿರುಗಿಸಿ ದಾಟುತ್ತಿದ್ದ. ಅದೊಂದು ಅವನಿಗೆ ಮರೆತಿರಲಿಲ್ಲ ನೋಡಿ.

ಒಂದು ದಿನ ದೊರೆ ಹೆಂಡತಿಯನ್ನು ಕರೆದುಕೊಂಡು ಕಾಳು ಆರಿಸುವ ಜಾಗಕ್ಕೇ ಬಂದ. ನಾನು ಬಾಗಿಲ ಹತ್ತಿರ ಮೂಟೆ ಇಳಿಸುತ್ತಿದ್ದೆ. ಅಣ್ಣಯ್ಯ ಜೊತೆಗಿದ್ದ. ಬೂಬಮ್ಮ ಮೊರ ಹಿಡಿದು ನಿಂತಿದ್ದರು, ಅವರಿಂದ ಒಂದು ಮಾರು ದೂರ. ದೊರೆ ಅಣ್ಣಯ್ಯನನ್ನು ಏನೋ ಕೇಳಿದ. ದೊರೆಸಾನಿಯೂ ಏನೋ ಸೇರಿಸಿದಳು. ಬೂಬಮ್ಮ ಕೈಯಲ್ಲಿದ್ದ ಮೊರ ಆಡಿಸುವುದನ್ನು ನಿಲ್ಲಿಸಿದರು. ಅಣ್ಣಯ್ಯ ದೊರೆಯ ಮಾತು ಮುಗಿಯುವ ತನಕ ಕಾದ. ಆಮೇಲೆ ದೊರೆಯ ಕಣ್ಣಿಗೆ ಕಣ್ಣಿಟ್ಟು, ಕೈ ಹಿಸುಕದೆ, ಚಿಕ್ಕದಾಗಿ ಉತ್ತರ ಹೇಳಿದ. ದೊರೆ ತಲೆದೂಗಿ ಮುಂದೆ ಹೋದ.

ನನಗೆ ಒಂದು ಮಾತೂ ತಿಳಿಯಲಿಲ್ಲ. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಹೋಗಿ ಬೂಬಮ್ಮನನ್ನು ಕೇಳಿದೆ. ಅವರು ಸೆರಗಿಗೆ ಅಂಟಿದ ಕಾಫಿ ಹೊಟ್ಟು ಕೊಡವುತ್ತ ಹೇಳಿದರು. ನಿನಗೆ ಇಷ್ಟು ಚೆನ್ನಾಗಿ ಮಾತಾಡಲು ಕಲಿಸಿದ್ದು ಈ ಊರಿನ ಒಬ್ಬ ಹೆಂಗಸಂತೆ, ಹೌದಾ ಅಂತ ದೊರೆ ಕೇಳಿದ. ಅಂಥವಳು ಇದ್ದರೆ ನಮ್ಮ ಬಂಗಲೆಯಲ್ಲಿ ಮಕ್ಕಳ ಜೊತೆ ಇರಲಿ, ಹಿಂದೆ ಒಂದು ಮನೆಯೂ ಇದೆ ಅಂತ ದೊರೆಸಾನಿ ಅಂದಳು. ಅದಕ್ಕೆ ಅಣ್ಣಯ್ಯ, ಅಂಥ ಹೆಂಗಸು ಯಾರೂ ಇಲ್ಲ ಸರ್, ನಾನು ಕಲಿತದ್ದು ಮೈಸೂರಿನಲ್ಲಿ ಒಬ್ಬ ಪಾದ್ರಿಯವರ ಹತ್ತಿರ ಅಂದ.

‘ನೀವು ಅಲ್ಲೇ ನಿಂತಿದ್ರಲ್ಲ ಬೂಬಮ್ಮ, ನಿಮಗೇನು ಬಾಯಿ ಇರಲಿಲ್ವಾ?’ ಅಂದೆ.

‘ನಾನು ಬಾಯಿ ತೆಗೆದಿದ್ರೆ ಅವನ್ನ ಅಲ್ಲೇ ಓಡಿಸ್ತಿದ್ರು. ದೊರೆಗೆ ಸುಳ್ಳು ಹೇಳ್ದೋನು ನಿಲ್ಲಲ್ಲ,’ ಅಂದರು. ಮತ್ತೆ ಸೆರಗು ಕೊಡವಿಕೊಂಡು, ‘ಚೆನ್ನಾಗಿ ಹೇಳ್ದ ಕೆಂಪಣ್ಣ. ಕಣ್ಣು ಕದಲಿಸ್ಲಿಲ್ಲ. ಎಲ್ಲೂ ತಡವರಿಸ್ಲಿಲ್ಲ’ ಅಂದರು.

ನಾನು ಬಾರುಕೋಲು ಹಿಡಿದುಕೊಂಡೇ ರೈಟರ್ ಕೋಣೆಗೆ ನುಗ್ಗಿದೆ. ಅಣ್ಣಯ್ಯ ಬಾಗಿಲು ಹಾಕಿ ಪಿಸುಗುಟ್ಟಿದ.

‘ಯಣ್ಣಾ, ಕೂಗ್ಬ್ಯಾಡ. ಬಟ್ಲರ್ ಹೆಂಡ್ತಿ ಕಲಿಸಿದ್ದು ಅಂದ್ರೆ ದೊರೆ ನನ್ನನ್ನೂ ಅಡುಗೆಮನೇಲಿ ನಿಲ್ಲಿಸ್ತಾನೆ ಕಣ. ಎಡತೊರೆಯೋರು ಇದ ಕೇಳಿದ್ರೆ ಸಂಬಂಧ ಉಳೀತದಾ? ಅವಳಿಗೆ ಬೇರೆ ಏನಾದ್ರೂ ದಾರಿ ಮಾಡಾವ, ಬುಡು.’

‘ಅವಳಿಗೆ’ ಅಂದ. ಬಾರುಕೋಲಿನ ಹಿಡಿ ಅವನ ಕೆನ್ನೆಯ ಮೇಲೆ ಗುರುತು ಮಾಡಿತು. ಇವತ್ತಿಗೂ ಆ ಗುರುತಿದೆ, ಎತ್ತು ಹಾಯ್ದದ್ದು ಅಂತ ಹೇಳಿಕೊಂಡು ತಿರುಗುತ್ತಾನೆ. ಮಾರನೇ ದಿನದಿಂದ ನನ್ನ ಗಾಡಿಗಳಿಗೆ ಕಾರ್ಖಾನೆಯಲ್ಲಿ ಮೂಟೆ ಸಿಗಲಿಲ್ಲ. ಈ ಗಾಡಿಯವನು ಹೊಡೆದಾಟದವನು ಅಂತ ದೊರೆಗೆ ಹೇಳಿದ್ದನಂತೆ. ಅದೂ ಒಳ್ಳೆಯ ಇಂಗ್ಲಿಷಿನಲ್ಲೇ ಹೇಳಿರಬೇಕು. ಅವನ ಮದುವೆಗೆ ನಾನು ಹೋಗಲಿಲ್ಲ, ಅವನೂ ಕರೆಯಲಿಲ್ಲ. ಅವ್ವ ಕೊನೆಯ ತನಕ ಅವನ ಮನೆಯಲ್ಲೇ ಇದ್ದು ಸತ್ತಳು.

ಸುಗ್ಗಿ ಮುಗಿದು ಕಾಳು ಆರಿಸುವ ಕೆಲಸ ನಿಂತಿತು. ಹೆಗ್ಗಡದೇವನಕೋಟೆಯಲ್ಲಿ ಬೂಬಮ್ಮನ ಗಂಡನ ಕಡೆಯ ಒಬ್ಬ ಮುದುಕಿ ಇದ್ದಳು. ಅಲ್ಲಿಗೆ ಹೋಗುತ್ತೇನೆ ಅಂದರು. ಅದು ಕಾಡಿನ ಅಂಚು, ಚಳಿಜ್ವರದ ಸೀಮೆ. ಬೇಡ ಅಂದೆ. ಚರ್ಮದ ಕೊಟ್ಟಿಗೆಗಿಂತ ವಾಸಿ ಅಂದರು. ಅದೇ ತಗಡಿನ ಟ್ರಂಕು, ಅದೇ ನನ್ನ ಗಾಡಿ. ಈ ಸಲ ಬುರ್ಖಾ ಹಾಕಲಿಲ್ಲ. ದಾರಿಯಲ್ಲಿ ನನ್ನ ಜೊತೆ ಮಾತಿಲ್ಲ. ಏರು ಬಂದಲ್ಲೆಲ್ಲ ಎತ್ತುಗಳ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ಮಕ್ಕಳನ್ನು ರಮಿಸುವ ಹಾಗೆ. ಬಲಗಡೆಯ ಎತ್ತು ಕಿವಿ ನಿಮಿರಿಸಿ ಕೇಳುತ್ತಿತ್ತು.

ಕೋಟೆಯಲ್ಲಿ ಇಳಿಯುವಾಗ ಹೇಳಿದರು. ‘ಅವನು ಸಿಕ್ರೆ ಹೇಳು ಕೆಂಪಣ್ಣ. ದೊರ‍್ಗೇ ಹೇಳ್ಬೇಕು ಅಂತ ಇಲ್ಲ. ಯಾರ ಎದುರಿಗಾದ್ರೂ ಸರಿ, ಒಂದು ಸಲ ಅಂದ್ರೆ ಸಾಕು. ನನ್ನ ಕಿವಿಗೆ ಬರತ್ತೆ.’

ಎರಡನೇ ಮಳೆಗಾಲಕ್ಕೆ ಅವರ ಕಿವಿ ಇರಲಿಲ್ಲ. ಜ್ವರದಲ್ಲಿ ಹೋದರು. ನನಗೆ ಹೇಳಿದ್ದು ಬಷೀರ್. ಮೈಸೂರಿನಿಂದ ಅವನೊಬ್ಬ ಆಗಾಗ ಹೋಗಿ ನೋಡಿ ಬರುತ್ತಿದ್ದ. ಕೊನೆಯಲ್ಲಿ ಜ್ವರದ ತಲೆಗೆ ಕನ್ನಡವೂ ಬರದೆ, ಮನೆಮಾತೂ ಬರದೆ ಬರೀ ಇಂಗ್ಲಿಷ್ ಆಡುತ್ತಿದ್ದರಂತೆ. ಅಲ್ಲಿ ಯಾರಿಗೂ ತಿಳಿಯದೆ, ನೀರು ಕೇಳಿದರೂ ಮುದುಕಿ ಸುಮ್ಮನೆ ಕೂತಿದ್ದಳಂತೆ.

ಅಣ್ಣಯ್ಯ ಈಗ ಮೈಸೂರಿನಲ್ಲಿ ದೊಡ್ಡ ಕಂಪನಿಯವನು, ಕಾರು ಇದೆ. ಹೋದ ವರ್ಷ ಹುಣಸೂರಿನ ಒಂದು ಸ್ಕೂಲಿನಲ್ಲಿ ಬಹುಮಾನ ಹಂಚಲು ಅವನನ್ನು ಕರೆದಿದ್ದರು. ಕನ್ನಡದಲ್ಲಿ ಓದಿದ ಹುಡುಗರಿಗೆ ಬುದ್ಧಿ ಹೇಳಬೇಕು ಅಂತ. ನಾನೂ ಹೋಗಿ ಹಿಂದಿನ ಗೋಡೆಗೆ ಒರಗಿ ನಿಂತೆ. ಬಾಯಿ ಬಿಟ್ಟು ಮಾತಾಡಿ, ತಪ್ಪಾದರೆ ನಾಚಬೇಡಿ, ತಿಳಿಯದಿದ್ದರೆ ತಲೆ ಆಡಿಸಬೇಡಿ, ಎದುರಿನವರ ಮುಖ ನೋಡಿ ಮಾತಾಡಿ ಅಂದ. ಒಂದೊಂದೂ ಬೂಬಮ್ಮನ ಮಾತು, ಅದೇ ವರಸೆಯಲ್ಲಿ. ಹುಡುಗರು ಬಾಯಿ ತೆರೆದು ಕೇಳುತ್ತಿದ್ದರು. ಅವರಿಗೆ ಅದು ಬೇಕಾದದ್ದೇ, ಇಲ್ಲ ಅನ್ನುವುದಿಲ್ಲ.

‘ನಿಂಗೆ ಇದನ್ನೆಲ್ಲ ಕಲಿಸ್ದೋರು ಯಾರ್ಲಾ ಅಣ್ಣಯ್ಯ?’ ಅಂತ ನಾನು ಹಿಂದಿನಿಂದ ಕೇಳಿದೆ.

ಸಭೆಯೆಲ್ಲ ನನ್ನ ಕಡೆ ತಿರುಗಿತು. ಅಣ್ಣಯ್ಯ ನನ್ನನ್ನು ನೋಡಿದ. ಗದ್ದಲ ಅಡಗುವ ತನಕ ಕಾದ. ಆಮೇಲೆ ನನ್ನ ಕಣ್ಣಿಗೆ ಕಣ್ಣಿಟ್ಟು ಇಂಗ್ಲಿಷಿನಲ್ಲಿ ಉತ್ತರ ಕೊಡಲು ಶುರು ಮಾಡಿದ. ಉದ್ದವಾಗಿ, ಎಲ್ಲೂ ತಡವರಿಸದೆ ಮಾತಾಡಿದ. ನನಗೆ ಇಂಗ್ಲಿಷ್ ಬರುವುದಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತು. ಆದರೆ ಫಾತಿಮುನ್ನೀಸಾ ಅನ್ನುವ ಹೆಸರು ಯಾವ ಭಾಷೆಯಲ್ಲಿ ಆಡಿದರೂ ಹಾಗೇ ಕೇಳಿಸುತ್ತೆ. ಅದು ಬರುತ್ತದೇನೋ ಅಂತ ಅವನ ಮಾತು ಮುಗಿಯುವ ತನಕ ಕಿವಿ ಕೊಟ್ಟು ನಿಂತೆ. ಬರಲಿಲ್ಲ. ಹುಡುಗರು ಚಪ್ಪಾಳೆ ತಟ್ಟಿದರು.